ಬೋರ್ಡಿನ ಮೇಲಿನ ಹೆಸರುಗಳು

ಮೇಷ್ಟ್ರು ಕ್ಲಾಸಿಗೆ ಬರುವುದು ಐದು ನಿಮಿಷ ತಡವಾದರೆ ಏನಾಗುತ್ತದೆ ಎನ್ನುವುದು ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಕ್ಲಾಸ್ ಲೀಡರ್ ಎದ್ದು ಸೀಮೆಸುಣ್ಣ ಹಿಡಿದು ಬೋರ್ಡಿನ ಪಕ್ಕ ನಿಲ್ಲುತ್ತಾನೆ. ‘ಮಾತಾಡಿದವರು’ ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಾನೆ. ಅಲ್ಲಿಂದ ಒಂದೊಂದೇ ಹೆಸರು ಕೆಳಗಿಳಿಯುತ್ತದೆ. ಎರಡನೇ ಸಲ ಮಾತಾಡಿದವರ ಹೆಸರಿನ ಮುಂದೆ ಒಂದು ಗುಣಾಕಾರ ಚಿಹ್ನೆ, ಮೂರನೇ ಸಲಕ್ಕೆ ಇನ್ನೊಂದು. ಮೇಷ್ಟ್ರು ಬರುತ್ತಾರೆ, ಪಟ್ಟಿ ನೋಡುತ್ತಾರೆ, ಯಾರನ್ನೂ ಏನನ್ನೂ ಕೇಳದೆ ಶಿಕ್ಷೆ ಕೊಡುತ್ತಾರೆ, ಡಸ್ಟರ್ ತೆಗೆದುಕೊಂಡು ಒರೆಸುತ್ತಾರೆ. ಆಮೇಲೆ ಪಾಠ ಶುರು.

ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಹೀಗೆ ಒರೆಸಿದ ಬೋರ್ಡಿನ ಮೇಲೆಯೇ ‘ಸಂವಿಧಾನದ ಪೀಠಿಕೆ’ ಎಂದು ದಪ್ಪಕ್ಷರದಲ್ಲಿ ಬರೆದು, ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ನಾಲ್ಕು ಅಂಶ ಹಾಕಿ, ಎಷ್ಟೋ ವರ್ಷ ನೋಟ್ಸ್ ಬರೆಸಿದ್ದೇನೆ. ಮಕ್ಕಳು ಉರು ಹೊಡೆದರು, ಪರೀಕ್ಷೆಯಲ್ಲಿ ಬರೆದರು, ಎರಡು ಅಂಕ ತೆಗೆದುಕೊಂಡರು. ಒರೆಸಿ ಹಾಕಿದ ಆ ಪಟ್ಟಿಗೂ ಅದರ ಮೇಲೆ ಬರೆದ ಆ ನಾಲ್ಕು ಮಾತಿಗೂ ಏನಾದರೂ ಸಂಬಂಧವಿದೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಪಾಠದ ಕ್ರಮ ಬದಲಾಯಿಸಬೇಕು ಅನ್ನಿಸಿದ್ದು ಸಂವಿಧಾನ ಸಭೆಯ ಚರ್ಚೆಗಳನ್ನು ಓದುವಾಗ. ಪೀಠಿಕೆ ಪುಸ್ತಕದ ಮೊದಲ ಪುಟದಲ್ಲಿದೆ, ನಿಜ. ಆದರೆ ಸಂವಿಧಾನ ಸಭೆ ಅದನ್ನು ಮೊದಲು ಎತ್ತಿಕೊಳ್ಳಲಿಲ್ಲ. ವಿಧಿಗಳ ಮೇಲಿನ ವಾದ ವಿವಾದಗಳೆಲ್ಲ ಹೆಚ್ಚುಕಡಿಮೆ ಮುಗಿದ ಮೇಲೆ, 1949ರ ಅಕ್ಟೋಬರ್ 17ರಂದು, ಪೀಠಿಕೆಯ ಮಾತುಗಳನ್ನು ಚರ್ಚೆಗೆ ತೆಗೆದುಕೊಂಡರು. ಸಂವಿಧಾನ ಅಂಗೀಕಾರವಾದ ನವೆಂಬರ್ 26ಕ್ಕೆ ಆಗ ಆರು ವಾರವೂ ಉಳಿದಿರಲಿಲ್ಲ. ಗುರಿಗಳನ್ನು ಹೇಳುವ ನಿರ್ಣಯವೊಂದನ್ನು ನೆಹರೂ 1946ರ ಡಿಸೆಂಬರ್‌ನಲ್ಲೇ ಮಂಡಿಸಿದ್ದರು, ಅದರ ಛಾಯೆ ಪೀಠಿಕೆಯಲ್ಲಿ ಇದ್ದೇ ಇದೆ. ಆದರೂ ಕೊನೆಯ ಮಾತು ಹೊರಟದ್ದು ಜಗಳ ಆಡಿ ಮುಗಿದ ಮೇಲೆ. ದೊಡ್ಡವರೇ ಹಾಗೆ ಮಾಡಿರುವಾಗ, ಹದಿಮೂರು ವರ್ಷದ ಮಕ್ಕಳ ತಲೆಯ ಮೇಲೆ ಮೊದಲ ದಿನವೇ ಆ ವಾಕ್ಯವನ್ನು ಹೇರುವುದು ಯಾತಕ್ಕೆ? ಅದು ಬೇಕೆನಿಸುವ ಸಂದರ್ಭ ಮೊದಲು ಬರಲಿ, ವಾಕ್ಯ ಆಮೇಲೆ ಬರಲಿ ಎಂದುಕೊಂಡೆ. ಒಂದು ವರ್ಷ ಎಂಟನೇ ತರಗತಿಯಲ್ಲಿ ಈ ಪಾಠಕ್ಕೆ ನಾಲ್ಕು ಪೀರಿಯಡ್ ಇಟ್ಟುಕೊಂಡೆ. ಅದರ ಕಥೆಯನ್ನೇ ಇವತ್ತು ಹೇಳುತ್ತೇನೆ.

ತರಗತಿಯಲ್ಲಿ ನಲವತ್ತೆರಡು ಮಕ್ಕಳು, ಇಪ್ಪತ್ಮೂರು ಹುಡುಗರು, ಹತ್ತೊಂಬತ್ತು ಹುಡುಗಿಯರು. ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಚೀಟಿಯಾಗಿ ಹರಿದು ಹಂಚಿದೆ. ‘ಈ ಶಾಲೆಯಲ್ಲಿ ಇದು ಅನ್ಯಾಯ ಅಂತ ನಿಮಗೆ ಅನ್ನಿಸಿದ್ದು ಒಂದು ಬರೀರಿ. ನಿಮ್ಮ ಹೆಸರು ಬೇಡ, ಬೇರೆಯವರ ಹೆಸರೂ ಬೇಡ’ ಎಂದೆ. ಬಿಸ್ಕತ್ತಿನ ಹಳೇ ಡಬ್ಬಿಯೊಂದರಲ್ಲಿ ಹಾಕಿಸಿಕೊಂಡೆ.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಮಾಡಲು ಹೋಗಿ ಎಡವಿದವರನ್ನು ಕಂಡಿದ್ದೇನೆ. ಚೀಟಿಗಳನ್ನು ಅಲ್ಲೇ ತೆಗೆದು ಗಟ್ಟಿಯಾಗಿ ಓದಬಾರದು, ಇನ್ನೊಬ್ಬ ಹುಡುಗನ ಕೈಗೆ ಕೊಟ್ಟು ಓದಿಸಲಂತೂ ಬಾರದು. ಮಕ್ಕಳಿಗೆ ಒಬ್ಬರ ಅಕ್ಷರ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಲವತ್ತು ಚೀಟಿಯಲ್ಲಿ ಒಂದರಲ್ಲಾದರೂ ತರಗತಿಯ ಚರ್ಚೆಗೆ ತರಬಾರದ ಸಂಗತಿ ಇರಬಹುದು. ಮೈಮುಟ್ಟುವ ವಿಷಯ ಇರಬಹುದು, ಮನೆಯ ವಿಷಯ ಇರಬಹುದು. ಅಂಥದ್ದನ್ನು ಪಾಠದ ಸಾಮಗ್ರಿ ಮಾಡಿಕೊಳ್ಳದೆ ಬೇರೆಯಾಗಿಯೇ ನೋಡಬೇಕು. ನಾನು ಡಬ್ಬಿಯನ್ನು ಮನೆಗೆ ಒಯ್ದು ರಾತ್ರಿ ಕೂತು ಓದಿದೆ, ಮಾರನೇ ದಿನ ನನ್ನ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದೆ.

ಏನಿತ್ತು ಅದರಲ್ಲಿ? ಒಬ್ಬ ಮಾಡಿದ ತಪ್ಪಿಗೆ ಇಡೀ ಕ್ಲಾಸಿಗೆ ಶಿಕ್ಷೆ ಅನ್ನುವುದು ಐದು ಚೀಟಿಯಲ್ಲಿತ್ತು. ಆಟದ ಪೀರಿಯಡ್‌ನಲ್ಲಿ ಹುಡುಗಿಯರಿಗೆ ಚೆಂಡು ಸಿಗುವುದಿಲ್ಲ ಎಂದು ಒಂಬತ್ತರಲ್ಲಿ. ಬಿಸಿಯೂಟಕ್ಕೆ ಹತ್ತನೇ ಕ್ಲಾಸಿನವರು ನುಗ್ಗಿ ಮುಂದೆ ಬರುತ್ತಾರೆ ಎಂದು ಕೆಲವರು. ಪ್ರಶ್ನೆ ಕೇಳಿದರೆ ಅಧಿಕಪ್ರಸಂಗಿ ಅನ್ನುತ್ತಾರೆ ಎಂದು ಒಂದು ಚೀಟಿ. ಅದು ಯಾವ ಮೇಷ್ಟ್ರ ಮಾತು ಎಂದು ನನಗೆ ತಕ್ಷಣ ತಿಳಿಯಿತು. ನನ್ನದೇ. ಎಲ್ಲಕ್ಕಿಂತ ಹೆಚ್ಚಾಗಿ, ಹನ್ನೊಂದು ಚೀಟಿಯಲ್ಲಿ ಒಂದೇ ದೂರು: ‘ಲೀಡರ್ ಅವನ ಫ್ರೆಂಡ್ಸ್ ಹೆಸರು ಬರೆಯಲ್ಲ.’

ಹನ್ನೊಂದು ಮಂದಿಯ ದೂರನ್ನೇ ಎತ್ತಿಕೊಂಡೆವು. ‘ಅನ್ಯಾಯ ಅಂದ್ರಲ್ಲ, ಅದರಲ್ಲಿ ಅನ್ಯಾಯ ಯಾವುದು? ಮಾತಾಡಿದ್ದಂತೂ ನಿಜ ತಾನೇ?’ ಎಂದು ಕೆಣಕಿದೆ. ಈ ಪಾಠದಲ್ಲಿ ಮೇಷ್ಟ್ರ ಮುಖ್ಯ ಕೆಲಸ ಇದೇ. ‘ಅನ್ಯಾಯ’ ಎಂಬ ಮಾತು ಒಂದು ಗೋಣಿಚೀಲವಿದ್ದಂತೆ, ಮಕ್ಕಳು ಅದರೊಳಗೆ ಎಲ್ಲವನ್ನೂ ತುರುಕಿರುತ್ತಾರೆ. ಸುರಿಸಿ ಬೇರೆ ಬೇರೆ ಮಾಡಿಸಬೇಕು. ಮೊದಲು ಎಲ್ಲರೂ ಒಟ್ಟಿಗೆ ಕೂಗಿದರು. ಆಮೇಲೆ ಒಂದೊಂದಾಗಿ ಹೊರಬಂತು. ಮಾತಾಡಿದವರು ಹತ್ತು ಜನ ಇದ್ದರೂ ಬರೆಯುವುದು ನಾಲ್ಕು ಜನರ ಹೆಸರು. ಹೆಸರು ಬರೆಯುವ ಮುಂಚೆ ‘ಏನು ಮಾತಾಡಿದೆ’ ಎಂದು ಯಾರೂ ಕೇಳುವುದಿಲ್ಲ. ಮೂರನೇ ಬೆಂಚಿನ ಹುಡುಗಿ ಎದ್ದು ‘ನಾನು ಪೆನ್ಸಿಲ್ ಕೇಳಿದ್ದೆ ಸಾರ್, ಅಷ್ಟೇ’ ಎಂದಳು. ಅದು ಎರಡು ತಿಂಗಳ ಹಿಂದಿನ ಮಾತು, ಅವಳಿಗೆ ತಿಥಿ ಸಮೇತ ನೆನಪಿತ್ತು. ಒಂದು ದಿನ ಮಾತಾಡಿದ್ದಕ್ಕೆ ಹತ್ತು ಬಸ್ಕಿ, ಇನ್ನೊಂದು ದಿನ ಅದೇ ತಪ್ಪಿಗೆ ಪೀರಿಯಡ್ ಪೂರ್ತಿ ನಿಲ್ಲಿಸುವುದು. ಲೀಡರ್ ತಪ್ಪಾಗಿ ಬರೆದರೆ ಯಾರಿಗೆ ಹೇಳುವುದು ಎಂದು ಗೊತ್ತಿಲ್ಲ.

ಈ ನಾಲ್ಕನ್ನೂ ಬರೆದುಕೊಂಡೆವು. ನೋಡಿ, ಕಾನೂನು ಓದಿದವರು ಇವಕ್ಕೆಲ್ಲ ದೊಡ್ಡ ದೊಡ್ಡ ಹೆಸರು ಇಟ್ಟಿದ್ದಾರೆ. ಪಕ್ಷಪಾತ ಇರಕೂಡದು, ಇನ್ನೊಬ್ಬರ ಮಾತು ಕೇಳದೆ ತೀರ್ಪು ಕೊಡಕೂಡದು, ಒಂದೇ ತಪ್ಪಿಗೆ ಒಂದೇ ಅಳತೆ ಇರಬೇಕು, ಮೇಲ್ಮನವಿಗೆ ದಾರಿ ಇರಬೇಕು. ಎಂಟನೇ ಕ್ಲಾಸಿನ ಮಕ್ಕಳು ಇದನ್ನೆಲ್ಲ ಇಪ್ಪತ್ತು ನಿಮಿಷದಲ್ಲಿ ಒಂದು ಸೀಮೆಸುಣ್ಣದ ಜಗಳದಿಂದ ತೆಗೆದರು. ನಾನು ಹೆಸರು ಹೇಳಿಕೊಡಲಿಲ್ಲ, ಆ ದಿನ ಬೇಕಾಗಿಯೂ ಇರಲಿಲ್ಲ.

ಅಷ್ಟು ಹೊತ್ತೂ ಲೀಡರ್ ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ಮಾತನ್ನೂ ಕೇಳಬೇಕಲ್ಲವೇ ಎಂದು ನಾನೇ ನೆನಪಿಸಬೇಕಾಯಿತು. ಇನ್ನೊಬ್ಬರ ಮಾತು ಕೇಳಬೇಕು ಎಂದು ಈಗಷ್ಟೇ ಬರೆಸಿದ ಮಕ್ಕಳಿಗೆ ಅದು ತಮ್ಮ ಲೀಡರಿಗೂ ಅನ್ವಯಿಸುತ್ತದೆ ಅನ್ನಿಸಿರಲಿಲ್ಲ. ಅವನು ಎದ್ದು ನಿಂತು ಒಂದೇ ಮಾತು ಹೇಳಿದ: ‘ಯಾರ ಹೆಸರೂ ಬರೀದೆ ಇದ್ರೆ ನೀವು ನಂಗೇ ಬೈತೀರಲ್ಲ ಸಾರ್. ಅದಕ್ಕೇ ಯಾರದ್ದಾದ್ರೂ ಬರೀತೀನಿ.’

ಕ್ಲಾಸು ಸುಮ್ಮನಾಯಿತು. ನಾನೂ ಸುಮ್ಮನಾದೆ. ಹನ್ನೊಂದು ಚೀಟಿಯಲ್ಲಿ ಯಾರೂ ಬರೆಯದ ಹೆಸರು ಈಗ ಹೊರಬಂದಿತ್ತು. ಪಟ್ಟಿ ಅವನದಾಗಿರಲಿಲ್ಲ, ನನ್ನದಾಗಿತ್ತು. ಸೀಮೆಸುಣ್ಣ ಮಾತ್ರ ಅವನ ಕೈಯಲ್ಲಿತ್ತು. ಇನ್ನೊಂದು ವಿಷಯವನ್ನು ನಾನು ಆ ಹೊತ್ತಿನಲ್ಲಿ ಮಕ್ಕಳಿಗೆ ಹೇಳಲೇಬೇಕಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಬಸ್ಕಿ ಹೊಡೆಸುವುದು ಅದರೊಳಗೇ ಬರುತ್ತದೆ. ‘ಹಾಗಾದ್ರೆ ನೀವು ಮಾಡ್ತಿದ್ದದ್ದು ಕಾನೂನಿಗೆ ವಿರುದ್ಧ ಅಲ್ವಾ ಸಾರ್?’ ಎಂದು ಹಿಂದಿನ ಬೆಂಚಿನಿಂದ ಒಂದು ದನಿ. ಹೌದು ಎಂದೆ. ಪೌರನೀತಿ ಪಾಠವನ್ನು ಹೀಗೆ ಮಾಡಲು ಹೊರಟವರು ಈ ಪ್ರಶ್ನೆಗೆ ಸಿದ್ಧರಾಗಿರಬೇಕು. ಆ ಗಳಿಗೆಯಲ್ಲಿ ‘ಅಧಿಕಪ್ರಸಂಗ’ ಎಂದು ಗದರಿದರೆ ಪಾಠ ಅಲ್ಲಿಗೇ ಮುಗಿಯಿತು. ಮುಂದೆ ಎಷ್ಟು ನೋಟ್ಸ್ ಬರೆಸಿದರೂ ಮಕ್ಕಳು ಅದನ್ನು ನಂಬುವುದಿಲ್ಲ.

ಎರಡನೇ ಪೀರಿಯಡ್‌ನಲ್ಲಿ ಮಕ್ಕಳೇ ನಿಯಮ ಬರೆಯಲು ಕೂತರು. ನನ್ನದು ಒಂದೇ ಷರತ್ತು. ಪ್ರತಿ ನಿಯಮಕ್ಕೂ ‘ಏಕೆಂದರೆ’ ಇರಬೇಕು. ಮೊದಲ ಗುಂಪು ಬರೆದು ತಂದದ್ದನ್ನು ಓದಿದೆ. ಅದು ಶುರುವಾಗಿದ್ದೇ ಹೀಗೆ: ‘ಮಾನ್ಯ ಮುಖ್ಯೋಪಾಧ್ಯಾಯರ ಅಪ್ಪಣೆಯ ಮೇರೆಗೆ...’ ರಜಾ ಅರ್ಜಿ ಬರೆದು ಬರೆದು ಕೈಗೆ ಬಂದ ರೂಢಿ! ‘ಮುಖ್ಯೋಪಾಧ್ಯಾಯರು ಯಾವಾಗ ಅಪ್ಪಣೆ ಕೊಟ್ಟರಪ್ಪ? ಇದನ್ನು ಬರೆದವರು ಯಾರು?’ ಎಂದೆ. ‘ನಾವು.’ ‘ಪಾಲಿಸಬೇಕಾದವರು?’ ‘ನಾವೇ.’ ‘ಹಾಗಿದ್ದರೆ ಹಾಗೇ ಬರೀರಿ.’ ಅಪ್ಪಣೆಯನ್ನು ಹೊಡೆದುಹಾಕಿ ‘ಎಂಟನೇ ತರಗತಿಯ ನಾವು’ ಎಂದು ತಿದ್ದಿಕೊಂಡರು.

ಆಗ ತೆಗೆದೆ ಪೀಠಿಕೆಯನ್ನು. ಪುಸ್ತಕದಲ್ಲಿ ಅಚ್ಚಾಗಿರುವ ಆ ಪುಟವನ್ನು ಅವರು ಎಷ್ಟೋ ಸಲ ಮಗುಚಿ ಮುಂದೆ ಹೋಗಿದ್ದರು. ಈ ಸಲ ಮೊದಲ ಮಾತು ನೋಡಿದ ಕೂಡಲೇ ‘ಸಾರ್, ಇದೂ ನಾವು ಅಂತಾನೇ ಶುರುವಾಗುತ್ತೆ!’ ಎಂದು ಕೂಗಿದರು.

ಇಲ್ಲಿ ಒಂದು ಕೆಲಸ ಕನ್ನಡ ಪಂಡಿತರಿಂದ ಎರವಲು ಪಡೆದೆ. ಪೀಠಿಕೆ ಒಂದೇ ಒಂದು ವಾಕ್ಯ. ಉದ್ದ ನೋಡಿ ಹೆದರಬೇಕಾಗಿಲ್ಲ. ವಾಕ್ಯವಾದ ಮೇಲೆ ಅದಕ್ಕೆ ಕರ್ತೃ, ಕರ್ಮ, ಕ್ರಿಯಾಪದ ಇರಲೇಬೇಕು. ಹುಡುಕಿ ಎಂದೆ. ಕರ್ತೃಪದ ‘ನಾವು’. ಕರ್ಮ ‘ಸಂವಿಧಾನವನ್ನು’. ಕ್ರಿಯಾಪದ ಎಲ್ಲಿ? ಕನ್ನಡದಲ್ಲಿ ಅದು ಬರುವುದು ಕೊಟ್ಟಕೊನೆಗೆ. ಬೆರಳಿಟ್ಟು ಸಾಲು ಸಾಲಾಗಿ ಇಳಿದು, ಕೊನೆಯಲ್ಲಿ ‘ಅರ್ಪಿಸಿಕೊಂಡಿದ್ದೇವೆ’ ಎನ್ನುವುದನ್ನು ಹಿಡಿದರು. ಅರ್ಪಿಸಿದ್ದೇವೆ ಎಂದಲ್ಲ, ಅರ್ಪಿಸಿಕೊಂಡಿದ್ದೇವೆ. ವ್ಯತ್ಯಾಸ ಏನು? ಬಡಿಸುವುದಕ್ಕೂ ಬಡಿಸಿಕೊಳ್ಳುವುದಕ್ಕೂ ಏನು ವ್ಯತ್ಯಾಸವೋ ಅದೇ. ಬಡಿಸಿದರೆ ಅನ್ನ ಇನ್ನೊಬ್ಬರ ತಟ್ಟೆಗೆ, ಬಡಿಸಿಕೊಂಡರೆ ನಮ್ಮದೇ ತಟ್ಟೆಗೆ. ಕೊಟ್ಟವರೂ ನಾವೇ, ತೆಗೆದುಕೊಂಡವರೂ ನಾವೇ. ಇಂಗ್ಲಿಷಿನಲ್ಲಿ ಬೇರೆ ಎರಡು ಮೂರು ಪದ ಸೇರಿಸಿ ಹೇಳಬೇಕಾದದ್ದನ್ನು ನಮ್ಮ ಭಾಷೆ ‘ಕೊಳ್ಳು’ ಎಂಬ ಒಂದು ಸಣ್ಣ ಧಾತುವಿನಲ್ಲಿ ಹೇಳಿಬಿಡುತ್ತದೆ. ಪೀಠಿಕೆಯನ್ನು ಕನ್ನಡದಲ್ಲೇ ಕಲಿಸುವುದರ ಸುಖ ನನಗೆ ತಿಳಿದದ್ದು ಆ ದಿನ.

ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಇರುವುದೆಲ್ಲ ‘ಏಕೆಂದರೆ’ಗಳು. ಮಕ್ಕಳು ತಮ್ಮ ನಿಯಮಕ್ಕೆ ಕಾರಣ ಬರೆದಂತೆ ಇಲ್ಲಿಯೂ ಕಾರಣ ಬರೆದಿದ್ದಾರೆ. ನ್ಯಾಯ ಸಿಗಲಿ ಎಂದು, ಸ್ವಾತಂತ್ರ್ಯ ಇರಲಿ ಎಂದು, ಸಮಾನತೆ ಬರಲಿ ಎಂದು. ಅಷ್ಟು ತಿಳಿದರೆ ವಾಕ್ಯ ಉದ್ದವಾಗಿ ಕಾಣುವುದಿಲ್ಲ. 1949ರ ಪಾಠವನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು, 1976ರ 42ನೇ ತಿದ್ದುಪಡಿ ಸೇರಿಸಿದ ಮೂರು ಮಾತುಗಳನ್ನು ಹುಡುಕಿಸುವುದೂ ಒಳ್ಳೆಯದು. ಸಮಾಜವಾದಿ, ಜಾತ್ಯತೀತ, ಅಖಂಡತೆ. ಆದರೆ ಇದರಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ‘ಜಾತ್ಯತೀತ ಅಂದ್ರೆ ಜಾತಿ ಕೇಳಬಾರದು ಅಂತ ತಾನೇ, ಮತ್ತೆ ಸ್ಕಾಲರ್‌ಶಿಪ್‌ಗೆ ಜಾತಿ ಸರ್ಟಿಫಿಕೇಟ್ ಯಾಕೆ ತರಿಸ್ತೀರ?’ ಎಂದು ಒಬ್ಬ ಕೇಳಿದ. ಮೂಲ ಪದ ಧರ್ಮಕ್ಕೆ ಸಂಬಂಧಿಸಿದ್ದು, ಸರ್ಕಾರ ಯಾವ ಧರ್ಮದ ಕಡೆಯೂ ವಾಲಬಾರದು ಎನ್ನುವುದು ಅದರ ಅರ್ಥ, ಕನ್ನಡದಲ್ಲಿ ಜಾತಿ ಎಂಬ ಪದ ಅದರೊಳಗೆ ಸೇರಿಕೊಂಡು ಈ ಗೊಂದಲ ಮಾಡಿದೆ ಎಂದು ಹೇಳಿದೆ. ಸರ್ಟಿಫಿಕೇಟಿನ ಪ್ರಶ್ನೆಗೆ ಉತ್ತರ ಸಮಾನತೆಯ ಪೀರಿಯಡ್‌ನಲ್ಲಿ ಬರುತ್ತದೆ, ತಾಳು ಎಂದೆ.

ಮೂರನೇ ಪೀರಿಯಡ್ ಚೆಂಡಿನದು. ಇದು ಮೊದಲಿನದಕ್ಕಿಂತ ಕಷ್ಟದ ವಿಷಯ, ಏಕೆಂದರೆ ಇಲ್ಲಿ ತಪ್ಪಿತಸ್ಥ ಎಂದು ಬೊಟ್ಟುಮಾಡಲು ಯಾರೂ ಇಲ್ಲ. ಹುಡುಗರ ವಾದ ಗಟ್ಟಿಯಾಗಿಯೇ ಇತ್ತು. ‘ಚೆಂಡು ಶಾಲೇದು, ಎಲ್ಲರದ್ದು. ಹುಡುಗೀರು ಬರಬೇಡಿ ಅಂತ ಯಾರೂ ಅಂದಿಲ್ಲ. ಅವರೇ ಬರಲ್ಲ.’ ಹುಡುಗಿಯರು ಹೇಳಿದ್ದು ಬೇರೆ. ಚೆಂಡು ಇರುವುದು ಸ್ಟಾಫ್ ರೂಮಿನ ಬೀರುವಿನಲ್ಲಿ. ಬೆಲ್ ಹೊಡೆದ ಕೂಡಲೇ ಓಡಿ ಹೋದವರ ಕೈಗೆ ಅದು ಸಿಗುತ್ತದೆ. ಹುಡುಗರು ಓಡುತ್ತಾರೆ. ಹುಡುಗಿಯರು ಓಡಿದರೆ ‘ಏನು ಗಂಡುಬೀರಿ ಹಂಗೆ’ ಅನ್ನಿಸಿಕೊಳ್ಳಬೇಕು. ಮೈದಾನದ ನಡುವೆ ಹುಡುಗರು ಆಡುತ್ತಿದ್ದರೆ ಅಂಚಿನಲ್ಲಿ ನಿಲ್ಲುವುದು ಬಿಟ್ಟು ಬೇರೆ ದಾರಿಯಿಲ್ಲ. ಯಾರೂ ಬೇಡ ಅಂದಿಲ್ಲ ಎನ್ನುವುದೂ ನಿಜ, ಆಡಿಲ್ಲ ಎನ್ನುವುದೂ ನಿಜ.

ಪೀಠಿಕೆಯಲ್ಲಿ ಸಮಾನತೆ ಎನ್ನುವ ಮಾತು ಒಂಟಿಯಾಗಿಲ್ಲ. ಸ್ಥಾನಮಾನದ ಸಮಾನತೆ, ಅವಕಾಶದ ಸಮಾನತೆ ಎಂದು ಎರಡನ್ನು ಹೇಳಿದೆ. ಮಕ್ಕಳಿಗೆ ಈ ಎರಡರ ಭೇದ ಪುಸ್ತಕದಲ್ಲಿ ಓದಿದರೆ ಹತ್ತುವುದಿಲ್ಲ. ಚೆಂಡಿನ ಮುಂದೆ ಇಟ್ಟು ಹೇಳಿದರೆ ಹತ್ತುತ್ತದೆ. ಚೆಂಡು ಎಲ್ಲರದ್ದು ಎನ್ನುವುದು ಮೊದಲನೆಯದು. ಬೀರುವಿನ ತನಕ ಎಲ್ಲರೂ ತಲುಪಬಲ್ಲರೇ ಎನ್ನುವುದು ಎರಡನೆಯದು. ಸ್ಕಾಲರ್‌ಶಿಪ್ ಬಗ್ಗೆ ಕೇಳಿದ್ದ ಹುಡುಗನ ಕಡೆ ಆಗ ತಿರುಗಿದೆ. ಸಂವಿಧಾನ ಜಾರಿಗೆ ಬಂದ ಮರುವರ್ಷವೇ, 1951ರಲ್ಲಿ, ಮೊದಲನೇ ತಿದ್ದುಪಡಿಯಿಂದ 15ನೇ ವಿಧಿಗೆ ನಾಲ್ಕನೇ ಖಂಡ ಸೇರಿತು. ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ವಿಶೇಷ ಏರ್ಪಾಡು ಮಾಡಲು ಸರ್ಕಾರಕ್ಕೆ ಅದು ಅನುವು ಮಾಡಿಕೊಟ್ಟಿತು. ತಲೆತಲಾಂತರದಿಂದ ಬೀರುವಿನ ಹತ್ತಿರಕ್ಕೇ ಬಿಡದೆ ಇಟ್ಟವರಿಗೆ, ಈಗ ಬಾಗಿಲು ತೆರೆದಿದೆ ಓಡು ಎಂದರೆ ಸಾಕೇ? ಹುಡುಗ ಪೂರ್ತಿ ಒಪ್ಪಿದ ಎಂದು ಹೇಳಲಾರೆ. ಮುಖ ಸಪ್ಪಗೆ ಮಾಡಿಕೊಂಡು ಕೂತ. ಒಪ್ಪಿಸುವುದು ನನ್ನ ಕೆಲಸವೂ ಆಗಿರಲಿಲ್ಲ. ಪ್ರಶ್ನೆ ಏನು ಎಂದು ಅವನಿಗೆ ತಿಳಿದಿತ್ತು, ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಹುಡುಗರ ಕಡೆಯಿಂದ ಬಂತು ಒಂದು ಸೂಚನೆ: ‘ವೋಟ್ ಹಾಕೋಣ ಸಾರ್. ಪ್ರಜಾಪ್ರಭುತ್ವ ಅಲ್ವಾ?’

ಇಪ್ಪತ್ಮೂರು, ಹತ್ತೊಂಬತ್ತು. ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಕೇಳಿದವನ ಮುಖದಲ್ಲಿ ನಗು. ಇಂಥ ಚರ್ಚೆಗಳು ಹಳ್ಳ ಹಿಡಿಯುವುದು ಇಲ್ಲೇ. ಮೇಷ್ಟ್ರಿಗೂ ಸಮಯವಾಗಿರುತ್ತದೆ, ಕೈ ಎತ್ತಿಸಿ ಮುಗಿಸಿಬಿಡುತ್ತಾರೆ. ಕೈ ಎತ್ತಿದವರು ಹೆಚ್ಚಿದ್ದರೆ ಅದೇ ನ್ಯಾಯ ಎಂದು ಮಕ್ಕಳು ಕಲಿತು ಹೋಗುತ್ತಾರೆ. ಪೀಠಿಕೆ ಕಲಿಸಲು ಹೋಗಿ ಅದರ ತಲೆಕೆಳಗಾದ ಪಾಠ ಕಲಿಸಿದಂತಾಗುತ್ತದೆ. ‘ಆಗಲಿ, ಅದಕ್ಕೆ ಮುಂಚೆ ಇನ್ನೊಂದಕ್ಕೆ ವೋಟ್ ಹಾಕೋಣ. ಗಿಡ್ಡಗಿರೋರು ಊಟದ ಸಾಲಲ್ಲಿ ದಿನಾಲೂ ಕೊನೆಗೇ ನಿಲ್ಲಬೇಕು. ಎತ್ತಿ ಕೈ’ ಎಂದೆ. ಸೂಚನೆ ಕೊಟ್ಟವನೇ ಸ್ವಲ್ಪ ಗಿಡ್ಡ. ಕ್ಲಾಸೆಲ್ಲ ನಕ್ಕಿತು.

ಆಮೇಲೆ ಅವರಿಗೆ ಅಕ್ಟೋಬರ್ 17ರ ಕಥೆ ಹೇಳಿದೆ. ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತ್ ಎಂಬ ಸದಸ್ಯರಿದ್ದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕು ಎಂದು ಅವರು ತಿದ್ದುಪಡಿ ತಂದರು. ಸಭೆಯಲ್ಲಿದ್ದವರಲ್ಲಿ ದೈವಭಕ್ತರು ಬೇಕಾದಷ್ಟಿದ್ದರು. ಆದರೂ ವಿರೋಧ ಬಂತು. ತಾವು ದೇವರನ್ನು ನಂಬುವವರೇ, ಆದರೆ ನಂಬದಿರುವವನ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆಯಾಗುತ್ತದೆ ಎಂದು ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೈ ವಾದಿಸಿದರು. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಅದೇ ಪೀಠಿಕೆಯಲ್ಲಿ ಬರೆದು, ಇದನ್ನು ಹೇಗೆ ಸೇರಿಸುವುದು ಎನ್ನುವುದು ಹೃದಯನಾಥ ಕುಂಜ್ರೂ ಅವರ ಆಕ್ಷೇಪ. ಪೂರ್ಣಿಮಾ ಬ್ಯಾನರ್ಜಿಯವರಂತೂ ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ ಎಂದು ಬೇಡಿಕೊಂಡರು. ಕಾಮತ್ ಹಿಂದೆಗೆಯಲಿಲ್ಲ. ಮತಕ್ಕೆ ಹಾಕಿದರು. ಪರ 41, ವಿರುದ್ಧ 68. ತಿದ್ದುಪಡಿ ಬಿದ್ದುಹೋಯಿತು.

ಈ ಕಥೆಯನ್ನು ಹೇಳುವಾಗ ಯಾರು ಗೆದ್ದರು ಎನ್ನುವುದರ ಮೇಲೆ ಒತ್ತು ಕೊಡಬಾರದು. ಮಕ್ಕಳಿಗೆ ನಾನು ಕೇಳಿದ್ದು ಬೇರೆ ಪ್ರಶ್ನೆ: ‘ಆ ಹೆಣ್ಣುಮಗಳು ಇದನ್ನು ವೋಟಿಗೇ ಹಾಕಬೇಡಿ ಅಂದದ್ದು ಯಾಕೆ?’ ಉತ್ತರ ಬರಲು ಹೊತ್ತು ಹಿಡಿಯಿತು. ಕಡೆಗೆ ಒಬ್ಬಳು ಅಂದಳು: ‘ಗೆದ್ದೋರು ಜಾಸ್ತಿ ಇದ್ರೂ ಸೋತೋರ ಮನಸ್ಸಲ್ಲಿರೋದನ್ನ ಕಿತ್ತುಕೊಳ್ಳೋಕೆ ಆಗಲ್ಲ ಸಾರ್.’ ಪ್ರವಾಸ ಎಲ್ಲಿಗೆ ಹೋಗುವುದು ಎನ್ನುವುದಕ್ಕೆ ವೋಟ್ ಹಾಕಬಹುದು. ಹುಡುಗಿಯರು ಆಡಬಹುದೇ ಎನ್ನುವುದಕ್ಕೆ ಹಾಕಬಾರದು. ಹೇಗೆ ಆಡುವುದು ಎನ್ನುವುದನ್ನು ಮಾತ್ರ ಕೂತು ತೀರ್ಮಾನಿಸಬಹುದು. ಅವರು ಮಾಡಿಕೊಂಡ ಏರ್ಪಾಡು ಸರಳ. ಬೀರುವಿನ ಬೀಗದ ಕೈ ಒಂದು ವಾರ ಒಬ್ಬ ಹುಡುಗಿಯ ಹತ್ತಿರ, ಮುಂದಿನ ವಾರ ಒಬ್ಬ ಹುಡುಗನ ಹತ್ತಿರ. ಯಾರೂ ಓಡಬೇಕಾಗಿಲ್ಲ.

ಅದೇ ಪೀರಿಯಡ್‌ನ ಕೊನೆಗೆ ಲೀಡರ್ ಹುಡುಗ ಕೇಳಿದ: ‘ಈ ಪೀಠಿಕೆ ಹಿಡ್ಕೊಂಡು ಕೋರ್ಟಿಗೆ ಹೋಗಬಹುದಾ ಸಾರ್?’ ಇದನ್ನು ಮುಚ್ಚಿಡದೆ ಹೇಳಬೇಕು. ಪೀಠಿಕೆ ಒಂದನ್ನೇ ಹಿಡಿದು ಹೋದರೆ ಕೋರ್ಟು ಪರಿಹಾರ ಕೊಡುವುದಿಲ್ಲ. ಹಕ್ಕುಗಳು ಒಳಗಿನ ವಿಧಿಗಳಲ್ಲಿವೆ, ಮೂಲಭೂತ ಹಕ್ಕಿಗೆ ಚ್ಯುತಿ ಬಂದರೆ 32ನೇ ವಿಧಿಯ ಪ್ರಕಾರ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬಹುದು. ಹಾಗಾದರೆ ಪೀಠಿಕೆ ಬರೀ ಅಲಂಕಾರವೇ? 1960ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನದ ಭಾಗವೇ ಅಲ್ಲ ಎಂದಿತ್ತು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಭಾಗವೇ ಹೌದು ಎಂದಿತು. ಆ ಮೊಕದ್ದಮೆ ತಂದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಹೋದದ್ದು ಮಠದ ಜಮೀನಿನ ಪ್ರಶ್ನೆ ಹಿಡಿದು, ಹೊರಬಂದದ್ದು ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ತೀರ್ಪು. ಆ ಮೂಲ ಸ್ವರೂಪ ಯಾವುದು ಎಂದು ಹುಡುಕುವಾಗ ನ್ಯಾಯಮೂರ್ತಿಗಳು ಕೈಹಾಕಿದ ಕಡೆಗಳಲ್ಲಿ ಪೀಠಿಕೆಯೂ ಒಂದು. ನಮ್ಮ ಎಂಟನೇ ಕ್ಲಾಸಿನ ಮಟ್ಟಿಗೆ ಹೇಳುವುದಾದರೆ, ಯಾವ ನಿಯಮದ ಅರ್ಥದ ಬಗ್ಗೆಯಾದರೂ ಜಗಳ ಬಂದಾಗ ತಿರುಗಿ ನೋಡಬೇಕಾದ ‘ಏಕೆಂದರೆ’ ಅದು.

ನಾಲ್ಕನೇ ಪೀರಿಯಡ್ ಭ್ರಾತೃತ್ವದ್ದು. ಅದರಲ್ಲಿ ನಾನು ಸೋತೆ. ಅದನ್ನೂ ಹೇಳುತ್ತೇನೆ.

ಪದ ಬರೆದ ಕೂಡಲೇ ಪೆನ್ಸಿಲ್ ಕೇಳಿದ್ದ ಆ ಹುಡುಗಿ ಎದ್ದಳು. ‘ಭ್ರಾತೃ ಅಂದ್ರೆ ಅಣ್ಣತಮ್ಮ ಅಲ್ವಾ ಸಾರ್? ಇದರಲ್ಲಿ ನಾವಿಲ್ವಾ?’ ಸಂಸ್ಕೃತದ ಮೂಲದಲ್ಲಿ ಅವಳು ಹೇಳಿದ್ದು ಸರಿ. ಸೋದರತೆ ಎಂದರೆ ಅಕ್ಕತಂಗಿಯರೂ ಒಳಗೆ ಬರುತ್ತಾರೆ, ಪರೀಕ್ಷೆಯಲ್ಲಿ ಹಾಗೆ ಬರೆದರೂ ಅಂಕ ಕೊಡುತ್ತೇನೆ ಎಂದೆ. ಈ ಮಾತು ನೆಹರೂ ಮಂಡಿಸಿದ ನಿರ್ಣಯದಲ್ಲಿ ಇರಲಿಲ್ಲ. ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. ಅವರು ಕರಡನ್ನು ಒಪ್ಪಿಸಿದ್ದು 1948ರ ಫೆಬ್ರವರಿ 21ರಂದು. ದೇಶ ವಿಭಜನೆಯ ನೆತ್ತರು ಇನ್ನೂ ಆರಿರಲಿಲ್ಲ, ಗಾಂಧೀಜಿಯ ಹತ್ಯೆಯಾಗಿ ಮೂರು ವಾರವಷ್ಟೇ ಆಗಿತ್ತು. ಪರಸ್ಪರ ಸೌಹಾರ್ದ ಈಗ ಬೇಕಾಗಿರುವಷ್ಟು ಹಿಂದೆಂದೂ ಬೇಕಾಗಿರಲಿಲ್ಲ ಎಂಬ ಅರ್ಥದ ಕಾರಣವನ್ನೂ ಸಮಿತಿ ಕೊಟ್ಟಿತ್ತು. ಇಂಥದ್ದೇ ಒಂದು ಬಾನುಲಿ ಭಾಷಣದಲ್ಲಿ, 1954ರ ಅಕ್ಟೋಬರ್ 3ರಂದು, ಅಂಬೇಡ್ಕರ್ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಈ ಮೂರನ್ನೂ ತಾವು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದರು. ಭ್ರಾತೃತ್ವವಿಲ್ಲದೆ ಉಳಿದೆರಡು ಬರೀ ಮೇಲೆ ಬಳಿದ ಬಣ್ಣವಾಗುತ್ತವೆ ಎಂದು 1949ರ ನವೆಂಬರ್ 25ರ ಭಾಷಣದಲ್ಲೇ ಎಚ್ಚರಿಸಿದ್ದರು.

ಇದನ್ನೆಲ್ಲ ಹೇಳಿದೆ. ಆದರೆ ನನ್ನ ಕಣ್ಣಿನಲ್ಲಿ ಇದ್ದದ್ದು ಶಾಲೆಯ ಜಗಲಿ. ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕೂರುತ್ತಿದ್ದರು. ಕಂಬದ ಹತ್ತಿರ ಇಬ್ಬರು, ಅವರಿಗೂ ಪಕ್ಕದವರಿಗೂ ನಡುವೆ ಒಂದು ತಟ್ಟೆ ಇಡುವಷ್ಟು ಜಾಗ. ದಿನಾಲೂ ಅದೇ ಇಬ್ಬರು, ಅದೇ ಜಾಗ. ನಲವತ್ತೆರಡು ಚೀಟಿಯಲ್ಲಿ ಯಾರೂ ಅದನ್ನು ಅನ್ಯಾಯ ಎಂದು ಬರೆದಿರಲಿಲ್ಲ, ಆ ಇಬ್ಬರೂ ಬರೆದಿರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದು ಚೀಟಿಗೂ ಬರುವುದಿಲ್ಲ ಎಂದು ಆಗ ತಿಳಿಯಿತು. ಹಿಂದಿನ ಮೂರು ದಿನದ ಹುರುಪಿನಲ್ಲಿ ನಾನು ಅವಸರ ಮಾಡಿದೆ. ‘ಇವತ್ತಿನಿಂದ ಹಾಜರಿ ಪುಸ್ತಕದ ನಂಬರಿನ ಪ್ರಕಾರ ಊಟಕ್ಕೆ ಕೂತುಕೊಳ್ಳಿ’ ಎಂದುಬಿಟ್ಟೆ. ಕೂತರು. ಆ ಇಬ್ಬರ ಅಕ್ಕಪಕ್ಕ ಕೂತ ಮಕ್ಕಳು ಬೇಗ ಬೇಗ ತಿಂದು ಎದ್ದರು. ಇಬ್ಬರಲ್ಲಿ ಒಬ್ಬ ಊಟವನ್ನೇ ಅರ್ಧಕ್ಕೆ ಬಿಟ್ಟ. ಎಲ್ಲರ ಕಣ್ಣು ತನ್ನ ಮೇಲಿದೆ ಎಂದು ಅವನಿಗೆ ಗೊತ್ತಾಗಿತ್ತು. ಮೂರನೇ ದಿನ ಸಾಲು ಮತ್ತೆ ಮೊದಲಿನಂತಾಯಿತು. ಮಕ್ಕಳಿಂದ ‘ಅಪ್ಪಣೆಯ ಮೇರೆಗೆ’ ಎನ್ನುವುದನ್ನು ಹೊಡೆಸಿದ್ದ ನಾನೇ ಸೋದರತೆಯನ್ನು ಅಪ್ಪಣೆ ಮಾಡಿದ್ದೆ.

17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಆಚರಿಸಿದರೆ ಶಿಕ್ಷೆಯಿದೆ. ಯಾರಾದರೂ ಆ ಇಬ್ಬರನ್ನು ದೂರ ಕೂರಿಸಿದ್ದರೆ ಅದು ಅಪರಾಧ. ಆದರೆ ಜಗಲಿಯ ಮೇಲೆ ಆ ಒಂದು ತಟ್ಟೆಯ ಜಾಗವನ್ನು ಯಾರೂ ಆಜ್ಞೆ ಮಾಡಿ ಬಿಟ್ಟದ್ದಾಗಿರಲಿಲ್ಲ. ಅದನ್ನು ತುಂಬಿದ್ದು ಆ ವರ್ಷ ನನ್ನ ಪಾಠವಲ್ಲ. ಚೆಂಡಿನ ಬೀಗದ ಕೈ ಒಂದು ವಾರ ಆ ಇಬ್ಬರಲ್ಲಿ ಒಬ್ಬನ ಪಾಲಿಗೆ ಬಂತು. ಆ ವಾರ ಆಟ ಬೇಕಾದವರೆಲ್ಲ ಅವನನ್ನು ಹುಡುಕಿಕೊಂಡು ಜಗಲಿಗೆ ಬರಬೇಕಾಯಿತು. ಬಂದವರು ಪಕ್ಕದಲ್ಲೇ ಕೂತರು. ಎಲ್ಲರೂ ಅಲ್ಲ, ನಾಲ್ಕೈದು ಜನ.

ಪರೀಕ್ಷೆಯ ವಿಷಯ ಒಂದು ಮಾತು. ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳಿಗೆ ಏನಾದರೂ ತಿಳಿದಿದೆಯೇ ಎಂದು ಕಂಡುಕೊಳ್ಳಲು, ಪೀಠಿಕೆಯ ಧ್ಯೇಯಗಳನ್ನು ಹೆಸರಿಸಿ ಎನ್ನುವ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ನಾನು ಅವರು ಚರ್ಚಿಸದೆ ಬಿಟ್ಟಿದ್ದ ಚೀಟಿಯೊಂದನ್ನು ಕೊಟ್ಟೆ. ‘ಒಬ್ಬ ಕಿಟಕಿಯ ಗಾಜು ಒಡೆದ. ಯಾರೆಂದು ಗೊತ್ತಾಗದೆ ಇಡೀ ಕ್ಲಾಸಿಗೆ ಶಿಕ್ಷೆ ಆಯಿತು. ಪೀಠಿಕೆಯ ಯಾವ ಮಾತಿಗೆ ಇದು ಒಗ್ಗುವುದಿಲ್ಲ, ಏಕೆ?’ ‘ನ್ಯಾಯ’ ಎಂದಷ್ಟೇ ಬರೆದವರಿಗೆ ಅಂಕ ಕೊಡಲಿಲ್ಲ. ‘ಎಲ್ಲರಿಗೂ ಒಂದೇ ಶಿಕ್ಷೆ, ಆದ್ದರಿಂದ ಸಮಾನತೆ ಇದೆ, ಆದರೆ ತಪ್ಪು ಮಾಡದವರನ್ನು ಕೇಳಲಿಲ್ಲ, ಆದ್ದರಿಂದ ನ್ಯಾಯ ಇಲ್ಲ’ ಎಂದು ಒಬ್ಬ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಬರೆದವನು ಕ್ಲಾಸ್ ಲೀಡರ್.

2023ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಪೀಠಿಕೆ ಓದಿಸಬೇಕು ಎಂದು ತೀರ್ಮಾನಿಸಿತು. ಓದಿಸಲಿ, ಅದರ ನಾದ ಕಿವಿಗೆ ಬೀಳುವುದು ಒಳ್ಳೆಯದೇ. ಈ ಭಾಷಣ ಕೇಳುತ್ತಿರುವ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ವಿನಂತಿ ಇದೆ. ನಾಳೆ ಪ್ರಾರ್ಥನೆ ಮುಗಿಸಿ ಕ್ಲಾಸಿಗೆ ಹೋದಾಗ ಬೋರ್ಡಿನ ಮೇಲೆ ಹೆಸರುಗಳಿದ್ದರೆ ತಕ್ಷಣ ಒರೆಸಬೇಡಿ. ಮೊದಲ ಹೆಸರಿನವರನ್ನು ಎಬ್ಬಿಸಿ, ಏನಾಯಿತು ಎಂದು ಕೇಳಿ. ಆಮೇಲೆ ಬರೆದವನನ್ನೂ ಕೇಳಿ.